ಯಾವ ಎಣ್ಣೆ ತಿಂದರೆ ಕೊಬ್ಬು ಕರಗುತ್ತದೆ? ತುಪ್ಪ, ಕೊಬ್ಬರಿ, ಕಡಲೆಕಾಯಿ, ಸೂರ್ಯಕಾಂತಿಯ ಲೆಕ್ಕ

ಪ್ರಶ್ನೆ: ನನಗೆ 42 ವರ್ಷ, ಎತ್ತರ 156 ಸೆಂ.ಮೀ., ತೂಕ 72 ಕೆ.ಜಿ. ಕಚೇರಿಯಲ್ಲಿ ಕೂತು ಮಾಡುವ ಕೆಲಸ. ಮೂರು ತಿಂಗಳ ಹಿಂದೆ ಒಂದು ವಿಡಿಯೊ ನೋಡಿ ಸನ್‌ಫ್ಲವರ್ ಎಣ್ಣೆ ಬಿಟ್ಟೆ. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನ ಜೊತೆ ಎರಡು ದೊಡ್ಡ ಚಮಚ ತುಪ್ಪ, ಅಡುಗೆಗೆಲ್ಲ ಕೊಬ್ಬರಿ ಎಣ್ಣೆ. ನಾವು ನಾಲ್ಕು ಜನ. ತಿಂಗಳಿಗೆ ಮೂರು ಲೀಟರ್ ಎಣ್ಣೆ, ಒಂದೂವರೆ ಕೆ.ಜಿ. ತುಪ್ಪ ಖರ್ಚಾಗುತ್ತದೆ. ತೂಕ ಇಳಿಯುವ ಬದಲು ಒಂದು ಕೆ.ಜಿ. ಏರಿದೆ, ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ 118 ಇದ್ದದ್ದು 149 ಆಗಿದೆ. ಅತ್ತೆ ಮಂಗಳೂರಿನವರು, ಕೊಬ್ಬರಿ ಎಣ್ಣೆಯಿಂದ ಯಾರಿಗೂ ಏನೂ ಆಗಿಲ್ಲ ಅನ್ನುತ್ತಾರೆ. ಅಮ್ಮ ತುಮಕೂರಿನವರು, ಗಾಣದ ಕಡಲೆಕಾಯಿ ಎಣ್ಣೆಯೇ ಒಳ್ಳೆಯದು ಅನ್ನುತ್ತಾರೆ. ಕೊಬ್ಬು ಕರಗಬೇಕಾದರೆ ಯಾವುದನ್ನು ಬಳಸಲಿ?
– ಓದುಗರು, ರಾಜಾಜಿನಗರ

ಉತ್ತರ: ಈ ನಾಲ್ಕರಲ್ಲಿ ಯಾವುದೂ ಮೈಯ ಕೊಬ್ಬನ್ನು ಕರಗಿಸುವುದಿಲ್ಲ. ಕ್ಯಾಲೊರಿಯ ಮಟ್ಟಿಗೆ ನಾಲ್ಕೂ ಒಂದೇ. ಕೊಬ್ಬು ಯಾವ ಮೂಲದಿಂದ ಬಂದರೂ ಗ್ರಾಂಗೆ 9 ಕ್ಯಾಲೊರಿ. ಎಣ್ಣೆಯಾಗಲಿ ತುಪ್ಪವಾಗಲಿ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ. ಐದು ಮಿ.ಲೀ. ಹಿಡಿಯುವ ಟೀ ಚಮಚದಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಎಣ್ಣೆ ಇರುತ್ತದೆ, ಅಂದರೆ 40 ಕ್ಯಾಲೊರಿ. ಗಾಣದ್ದಾದರೂ ರಿಫೈನ್ಡ್ ಆದರೂ, ನಾಟಿ ಹಸುವಿನದ್ದಾದರೂ ಡೈರಿಯದ್ದಾದರೂ ಈ 40 ಬದಲಾಗುವುದಿಲ್ಲ. ಪ್ಯಾಕೆಟ್ ಮೇಲೆ ‘ಲೈಟ್’ ಎಂದು ಬರೆದಿದ್ದರೆ ಅದು ಬಣ್ಣಕ್ಕೋ ರುಚಿಗೋ ಹೇಳಿದ ಮಾತು, ಕ್ಯಾಲೊರಿಗಲ್ಲ.

ವ್ಯತ್ಯಾಸ ಇರುವುದು ರಕ್ತದ ಮೇಲಾಗುವ ಪರಿಣಾಮದಲ್ಲಿ. ಹಾಗಾಗಿ ನಿಮ್ಮ ಮುಂದೆ ಎರಡು ಬೇರೆ ಬೇರೆ ವಿಷಯಗಳಿವೆ. ತೂಕಕ್ಕೆ ‘ಎಷ್ಟು’ ಎಂಬುದು ಮುಖ್ಯ, ಎಲ್‌ಡಿಎಲ್‌ಗೆ ‘ಯಾವುದು’ ಎಂಬುದು ಮುಖ್ಯ. ವಿಡಿಯೊದವರು ಎರಡನ್ನೂ ಕಲಸಿಬಿಟ್ಟಿದ್ದಾರೆ.

ಮೊದಲು ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಮೂರು ಲೀಟರ್ ಕೊಬ್ಬರಿ ಎಣ್ಣೆ ತೂಕದಲ್ಲಿ ಸುಮಾರು 2.7 ಕೆ.ಜಿ. ಒಂದೂವರೆ ಕೆ.ಜಿ. ತುಪ್ಪ ಸೇರಿದರೆ ತಿಂಗಳಿಗೆ 4.2 ಕೆ.ಜಿ. ಇದರಲ್ಲಿ ನಿಮ್ಮ ಬೆಳಗಿನ ತುಪ್ಪವನ್ನು ಬೇರೆ ಎತ್ತಿಡಿ. ದೊಡ್ಡ ಚಮಚ ಅಂದರೆ 15 ಮಿ.ಲೀ., ಎರಡಕ್ಕೆ 28 ಗ್ರಾಂ, ತಿಂಗಳಿಗೆ 840 ಗ್ರಾಂ. ಮನೆಗೆ ತರುವ ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮೊಬ್ಬರ ಬಿಸಿನೀರಿನ ಜೊತೆ ಹೋಗುತ್ತಿದೆ! ಉಳಿದದ್ದನ್ನು ನಾಲ್ಕು ಜನ ಸಮನಾಗಿ ತಿಂದಿರೆಂದು ಇಟ್ಟುಕೊಂಡರೆ ತಲೆಗೆ ದಿನಕ್ಕೆ ಇನ್ನೊಂದು 28 ಗ್ರಾಂ. ಅಲ್ಲಿಗೆ ನಿಮ್ಮ ಪಾಲು ದಿನಕ್ಕೆ 56 ಗ್ರಾಂ, ಸುಮಾರು 500 ಕ್ಯಾಲೊರಿ.

ಇದು ಎಷ್ಟು ದೊಡ್ಡದು? ನಿಮ್ಮ ವಯಸ್ಸು, ಎತ್ತರ, ತೂಕ ಮತ್ತು ಕೂತು ಮಾಡುವ ಕೆಲಸ ನೋಡಿದರೆ ದಿನಕ್ಕೆ ಅಂದಾಜು 1850 ಕ್ಯಾಲೊರಿ ಸಾಕು. ತೂಕ ನಿಧಾನವಾಗಿ ಇಳಿಯಲು 1450–1500ಕ್ಕೆ ಬರಬೇಕು. ಅದರಲ್ಲಿ ಮೂರನೆಯ ಒಂದು ಭಾಗ ಬರೀ ಎಣ್ಣೆ-ತುಪ್ಪಕ್ಕೇ ಹೋದರೆ ಅನ್ನ, ಮುದ್ದೆ, ಬೇಳೆ, ಮೊಸರಿಗೆ ಜಾಗ ಎಲ್ಲಿ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ಊಟಕ್ಕೆ ಇಟ್ಟಿರುವ ಎಣ್ಣೆ-ತುಪ್ಪದ ಪಾಲು 27 ಗ್ರಾಂ. ನಿಮಗೆ 1500ಕ್ಕೆ 20 ಗ್ರಾಂ ಆಗುತ್ತದೆ. ನೀವೀಗ ತಿನ್ನುತ್ತಿರುವುದು ಅದರ ಎರಡೂವರೆ ಪಟ್ಟಿಗೂ ಹೆಚ್ಚು.

ಹಾಗಾದರೆ ಬೆಳಗಿನ ತುಪ್ಪವೊಂದರಿಂದಲೇ ಮೂರು ತಿಂಗಳಿಗೆ ಮೂರು ಕೆ.ಜಿ. ಏರಬೇಕಿತ್ತಲ್ಲ, ಒಂದೇ ಏರಿದೆಯಲ್ಲ ಎಂದು ನೀವು ಕೇಳಬಹುದು. ಬೆಳಿಗ್ಗೆ 250 ಕ್ಯಾಲೊರಿ ತುಪ್ಪ ಒಳಗೆ ಹೋದ ಮೇಲೆ ಹಸಿವು ತಡವಾಗಿ ಬರುತ್ತದೆ. ತಿಂಡಿಗೆ ಮೂರು ಇಡ್ಲಿ ತಿನ್ನುವವರು ಎರಡಕ್ಕೆ ನಿಲ್ಲಿಸುತ್ತಾರೆ. ‘ತುಪ್ಪ ಕುಡಿದರೆ ಹಸಿವೇ ಆಗೋಲ್ಲ, ಕೊಬ್ಬು ಉರೀತಿದೆ’ ಎಂಬ ನಂಬಿಕೆ ಹುಟ್ಟುವುದೇ ಇಲ್ಲಿ. ಆದರೆ ಬಿಟ್ಟ ಒಂದು ಇಡ್ಲಿ ಹೆಚ್ಚೆಂದರೆ 60–70 ಕ್ಯಾಲೊರಿ, ಸೇರಿಸಿದ ತುಪ್ಪ 250. ಹಸಿವು ಸ್ವಲ್ಪ ಭಾಗವನ್ನು ಸರಿದೂಗಿಸುತ್ತದೆ, ಪೂರ್ತಿಯಲ್ಲ. ಉಳಿದದ್ದು ಮೈಗೆ ಸೇರುತ್ತದೆ.

ಕೊಬ್ಬರಿ ಎಣ್ಣೆ ಕೊಬ್ಬನ್ನು ಉರಿಸುತ್ತದೆ ಎಂಬ ಮಾತಿಗೂ ಒಂದು ಮೂಲವಿದೆ, ಪೂರಾ ಕಟ್ಟುಕಥೆಯಲ್ಲ. ಎಂಸಿಟಿ ಎಂಬ ವಿಶೇಷ ಎಣ್ಣೆ ಕೊಟ್ಟು ಮಾಡಿದ ಪ್ರಯೋಗಗಳಲ್ಲಿ ದೇಹ ಸ್ವಲ್ಪ ಹೆಚ್ಚು ಕ್ಯಾಲೊರಿ ಸುಡುವುದು ಕಂಡುಬಂದಿತ್ತು. ಆ ಎಣ್ಣೆಯಲ್ಲಿ ಇದ್ದದ್ದು ಎಂಟು ಮತ್ತು ಹತ್ತು ಇಂಗಾಲದ ಚಿಕ್ಕ ಕೊಬ್ಬಿನಾಮ್ಲಗಳು. ಇವು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬೇಗ ಉರಿಯುತ್ತವೆ. ನಮ್ಮ ಕೊಬ್ಬರಿ ಎಣ್ಣೆಯಲ್ಲಿ ಇವುಗಳ ಪಾಲು ಎಂಟನೆಯ ಒಂದು ಭಾಗದ ಆಸುಪಾಸು. ಅರ್ಧದಷ್ಟು ಇರುವುದು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಅದನ್ನೂ ಪುಸ್ತಕದಲ್ಲಿ ಅದೇ ಗುಂಪಿಗೆ ಸೇರಿಸಿದ್ದಾರೆ, ಆದರೆ ದೇಹದೊಳಗೆ ಅದು ಬಹುಪಾಲು ಉದ್ದದ ಕೊಬ್ಬಿನಾಮ್ಲಗಳ ದಾರಿಯನ್ನೇ ಹಿಡಿಯುತ್ತದೆ. ಒಂದು ಎಣ್ಣೆಯ ಫಲಿತಾಂಶವನ್ನು ಇನ್ನೊಂದು ಎಣ್ಣೆಯ ಬಾಟಲಿಗೆ ಅಂಟಿಸಿದ ಹಾಗಾಯಿತು. ಕೊಬ್ಬರಿ ಎಣ್ಣೆಯನ್ನೇ ಕೊಟ್ಟು ಮಾಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೂಕದಲ್ಲಿ ಏನೂ ಲಾಭ ಕಾಣಲಿಲ್ಲ, ಎಲ್‌ಡಿಎಲ್ ಮಾತ್ರ ಸರಾಸರಿ 10 ಅಂಶದಷ್ಟು ಏರಿತ್ತು.

ತುಪ್ಪದಲ್ಲಿರುವ ಸಿಎಲ್‌ಎ ಎಂಬ ಕೊಬ್ಬಿನಾಮ್ಲ ಮೈಯ ಕೊಬ್ಬನ್ನು ಕರಗಿಸುತ್ತದೆ ಎಂಬ ವಾದವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಪ್ರಯೋಗಗಳಲ್ಲಿ ಅದನ್ನು ಮಾತ್ರೆಯ ರೂಪದಲ್ಲಿ ದಿನಕ್ಕೆ ಮೂರು ಗ್ರಾಂನಷ್ಟು ಕೊಟ್ಟರು, ಸಿಕ್ಕ ಫಲ ಅತ್ಯಲ್ಪ. ನೂರು ಗ್ರಾಂ ತುಪ್ಪದಲ್ಲಿ ಅದು ಸಾಮಾನ್ಯವಾಗಿ ಅರ್ಧದಿಂದ ಒಂದು ಗ್ರಾಂ ಇರುತ್ತದೆ. ಮೂರು ಗ್ರಾಂ ಬೇಕೆಂದರೆ ದಿನಕ್ಕೆ ಕಾಲು ಕೆ.ಜಿ.ಗಿಂತ ಹೆಚ್ಚು ತುಪ್ಪ ತಿನ್ನಬೇಕು.

ಇನ್ನು ಎಲ್‌ಡಿಎಲ್. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಮೇಲಿವೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಅವುಗಳ ಸಂಖ್ಯೆ ಇಳಿಯುತ್ತದೆ, ಕಣಗಳು ರಕ್ತದಲ್ಲೇ ಉಳಿಯುತ್ತವೆ. ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲೊರಿಯ ಶೇ. 10 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ 1500 ಕ್ಯಾಲೊರಿಗೆ ಅದು 16–17 ಗ್ರಾಂ. ಕೊಬ್ಬರಿ ಎಣ್ಣೆಯಲ್ಲಿ ಇದರ ಪಾಲು ಸುಮಾರು ಶೇ. 85–90, ತುಪ್ಪದಲ್ಲಿ 60ರ ಮೇಲೆ, ಕಡಲೆಕಾಯಿ ಎಣ್ಣೆಯಲ್ಲಿ 17–20, ಸೂರ್ಯಕಾಂತಿಯಲ್ಲಿ 10–12. ಬೆಳಗಿನ ಆ ಎರಡು ಚಮಚ ತುಪ್ಪದಲ್ಲೇ ಸುಮಾರು 17 ಗ್ರಾಂ. ಹೊತ್ತು ಏರುವ ಮೊದಲೇ ದಿನದ ಮಿತಿ ಮುಗಿಯಿತು. ಅಡುಗೆಯ ಕೊಬ್ಬರಿ ಎಣ್ಣೆಯಿಂದ ಇನ್ನೊಂದು 20 ಗ್ರಾಂ, ಅನ್ನದ ಮೇಲಿನ ತುಪ್ಪದಿಂದ ಮೂರು ಗ್ರಾಂ. ಹಾಲು, ಮೊಸರು, ಪಲ್ಯಕ್ಕೆ ಉದುರಿಸುವ ತೆಂಗಿನ ತುರಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 118 ಇದ್ದದ್ದು 149ಕ್ಕೆ ಹೋಗಲು ಬೇರೆ ಕಾರಣ ಹುಡುಕಿಕೊಂಡು ಅಲೆಯಬೇಕಿಲ್ಲ, ಆದರೂ ಒಂದು ಪರೀಕ್ಷೆ ಮಾಡಿಸಿ. ಅದನ್ನು ಕೊನೆಗೆ ಹೇಳುತ್ತೇನೆ.

ಕೊಬ್ಬರಿ ಎಣ್ಣೆ ಒಳ್ಳೆಯ ಕೊಲೆಸ್ಟರಾಲ್ ಆದ ಎಚ್‌ಡಿಎಲ್ ಅನ್ನೂ ಏರಿಸುತ್ತದಲ್ಲ ಎಂಬುದು ಮುಂದಿನ ವಾದ. ಏರಿಸುತ್ತದೆ, ಸ್ವಲ್ಪ. ಆದರೆ ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ, ಆ ಏರಿಕೆಯೊಂದರಿಂದಲೇ ಹೃದಯಾಘಾತ ಕಡಿಮೆಯಾಗಲಿಲ್ಲ. ಎಲ್‌ಡಿಎಲ್ ಏರಿದ್ದನ್ನು ಅದು ಹೊಡೆದುಹಾಕುತ್ತದೆ ಎಂದು ನಂಬಲು ಆಧಾರವಿಲ್ಲ. ನಿಮ್ಮ ಅತ್ತೆಯ ಮಾತಿನಲ್ಲೂ ಹುರುಳಿದೆ. ಕರಾವಳಿಯ ಹಳೆಯ ಊಟದಲ್ಲಿ ಕುಚ್ಚಲಕ್ಕಿ ಗಂಜಿ, ಮೀನು, ಸೊಪ್ಪು, ದಿನವಿಡೀ ಮೈಮುರಿ ಕೆಲಸ ಇತ್ತು. ಕೊಬ್ಬರಿ ಎಣ್ಣೆ ಒಗ್ಗರಣೆಗಷ್ಟೇ ಬೀಳುತ್ತಿತ್ತು. ರಾಜಾಜಿನಗರದ ಮನೆಗೆ ಬಂದಿರುವುದು ಎಣ್ಣೆ ಮಾತ್ರ.

ಸೂರ್ಯಕಾಂತಿ ಎಣ್ಣೆಯನ್ನು ವಿಷ ಎಂದು ಕರೆಯುವ ವಿಡಿಯೊಗಳ ಬಗ್ಗೆ ಎರಡು ಮಾತು. ಅದರಲ್ಲಿರುವ ಒಮೆಗಾ-6 ಮೈಯೊಳಗೆ ಉರಿಯೂತ ಎಬ್ಬಿಸುತ್ತದೆ ಎಂಬ ಆರೋಪ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನಿಂತಿಲ್ಲ. ತುಪ್ಪ ಅಥವಾ ಕೊಬ್ಬರಿ ಎಣ್ಣೆಯ ಬದಲು ಬಳಸಿದಾಗ ಎಲ್‌ಡಿಎಲ್ ಇಳಿಯುವುದು ಮತ್ತೆ ಮತ್ತೆ ಕಂಡಿದೆ. ಅದರ ನಿಜವಾದ ದೋಷ ಬೇರೆ. ಶೇ. 60ರಷ್ಟು ಬಹು-ಅಸಂತೃಪ್ತ ಕೊಬ್ಬು ಇರುವುದರಿಂದ ಕಾಯಿಸಿದಷ್ಟೂ ಬೇಗ ಕೆಡುತ್ತದೆ. ಭಾನುವಾರ ಪೂರಿ ಕರಿದ ಎಣ್ಣೆಯನ್ನು ಬುಧವಾರ ಬೋಂಡಕ್ಕೆ, ಶುಕ್ರವಾರ ಹಪ್ಪಳಕ್ಕೆ ಇಡುವ ಮನೆಗೆ ಇದು ಸರಿಯಾದ ಎಣ್ಣೆಯಲ್ಲ. ಎಣ್ಣೆ ಕಂದಾಗಿ ಮಂದವಾದರೆ, ಕರಿಯುವಾಗ ಮೇಲೆ ನೊರೆ ನಿಂತರೆ, ಹಿಂದಿಗಿಂತ ಬೇಗ ಹೊಗೆಯಾಡಿದರೆ ಅದು ಕೆಟ್ಟಿದೆ ಎಂದರ್ಥ. ಹೋಟೆಲಿನವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೊಂದು ಅಳತೆಯನ್ನೇ ಇಟ್ಟಿದೆ. ಎಣ್ಣೆ ಕಾದು ಕೆಡುವಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಒಟ್ಟು ಶೇ. 25 ಮೀರಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಮನೆಯಲ್ಲಿ ಆ ಉಪಕರಣ ಇರುವುದಿಲ್ಲ, ಹಾಗಾಗಿ ಕರಿದು ಉಳಿದದ್ದನ್ನು ಸೋಸಿ ಎರಡು ಮೂರು ದಿನದೊಳಗೆ ಪಲ್ಯ, ಒಗ್ಗರಣೆಗೆ ಖರ್ಚು ಮಾಡಿ, ಇನ್ನೊಮ್ಮೆ ಕರಿಯಲು ಇಡಬೇಡಿ.

ಅಮ್ಮನ ಕಡಲೆಕಾಯಿ ಎಣ್ಣೆ ನಿಮ್ಮ ಸ್ಥಿತಿಗೆ ಒಳ್ಳೆಯ ಆಯ್ಕೆ. ಅರ್ಧದಷ್ಟು ಏಕ-ಅಸಂತೃಪ್ತ ಕೊಬ್ಬು, ಬಿಸಿಗೆ ಸೂರ್ಯಕಾಂತಿಗಿಂತ ಚೆನ್ನಾಗಿ ತಡೆಯುತ್ತದೆ, ನಮ್ಮ ಹುಳಿ-ಪಲ್ಯಕ್ಕೆ ಹೊಂದುತ್ತದೆ. ಗಾಣದ್ದೇ ಬೇಕೆ? ಘಮ ಇದೆ, ವಿಟಮಿನ್ ಇ ಸ್ವಲ್ಪ ಹೆಚ್ಚು ಉಳಿದಿರುತ್ತದೆ. ಬೆಂಗಳೂರಿನಲ್ಲಿ ಈಗ ಬೀದಿಗೊಂದು ಮರದ ಗಾಣದ ಅಂಗಡಿ ಇದೆ. ಅಲ್ಲಿ ಎಣ್ಣೆಗಿಂತ ಮೊದಲು ಕಡಲೆಬೀಜ ನೋಡಿ. ಮುಗ್ಗಲು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ರಿಫೈನ್ ಮಾಡುವಾಗ ಬಹುಪಾಲು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಸುಕ್ಕುಗಟ್ಟಿದ, ಕಪ್ಪಾದ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ತೆಗೆಯದೆ ಗಾಣಕ್ಕೆ ಸುರಿಯುತ್ತಿದ್ದರೆ ಆ ಅಂಗಡಿ ಬೇಡ, ಪ್ಯಾಕೆಟ್ಟಿನದ್ದೇ ವಾಸಿ. ಒಂದು ಸಲಕ್ಕೆ ಅರ್ಧ ಅಥವಾ ಒಂದು ಲೀಟರ್ ಮಾತ್ರ ತನ್ನಿ, ಒಲೆಯ ಪಕ್ಕ ಇಡಬೇಡಿ. ಹಳೆಯ ಬಣ್ಣದ ಡಬ್ಬಿಯಂಥ ಕಮಟು ವಾಸನೆ ಬಂದರೆ ಚೆಲ್ಲಿಬಿಡಿ.

ಇನ್ನು ಬದಲಾವಣೆ. ಮೊದಲನೆಯದು ಬೆಳಗಿನ ತುಪ್ಪ ನಿಲ್ಲಿಸುವುದು. ಉಳಿದ ಎಲ್ಲವನ್ನೂ ಸೇರಿಸಿದರೂ ಇಷ್ಟು ಉಳಿತಾಯವಾಗುವುದಿಲ್ಲ. ಬಿಸಿನೀರು ಬೇಕಾದರೆ ಕುಡಿಯಿರಿ, ಅದರಿಂದ ಏನೂ ತೊಂದರೆಯಿಲ್ಲ. ಊಟದಲ್ಲಿ ಒಂದು ಟೀ ಚಮಚ ತುಪ್ಪ ಇರಲಿ. ಅದರಲ್ಲಿ ಮೂರು ಗ್ರಾಂ ಒಳಗೇ ಸ್ಯಾಚುರೇಟೆಡ್ ಕೊಬ್ಬು, ನಿಮ್ಮ ಮಿತಿಯೊಳಗೆ ಆರಾಮವಾಗಿ ಕೂಡುತ್ತದೆ. ಆದರೆ ಅದು ಕರಗಿದ ತುಪ್ಪವಾಗಿರಲಿ. ಡಿಸೆಂಬರ್-ಜನವರಿಯ ಚಳಿಯಲ್ಲಿ ಡಬ್ಬಿಯ ತುಪ್ಪ ಗಟ್ಟಿಯಾಗಿರುತ್ತದೆ, ಚಮಚ ಹಾಕಿ ತೆಗೆದರೆ ಗುಪ್ಪೆಯಾಗಿ ಎರಡು ಚಮಚದಷ್ಟು ಬರುತ್ತದೆ, ಬಡಿಸುವವರಿಗೆ ಅದು ‘ಒಂದೇ ಚಮಚ’.

ಅಳತೆಗೆ ಹೊಸದೇನೂ ಕೊಳ್ಳಬೇಕಿಲ್ಲ. ಮಕ್ಕಳ ಸಿರಪ್ ಜೊತೆ ಬರುವ ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳದಲ್ಲಿ 5 ಮಿ.ಲೀ. ಗುರುತು ಇರುತ್ತದೆ. ಒಂದು ಸಲ ಅದರಲ್ಲಿ ನೀರು ತುಂಬಿ ನಿಮ್ಮ ಮನೆಯ ಚಮಚಗಳಿಗೆ ಸುರಿದು ನೋಡಿ. ಎಣ್ಣೆ ಡಬ್ಬಿಯಲ್ಲಿ ಸದಾ ಇರುವ ಚಮಚ 5 ಹಿಡಿಯುತ್ತದೋ 12 ಹಿಡಿಯುತ್ತದೋ ಆಗ ಗೊತ್ತಾಗುತ್ತದೆ. ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಬೇಕು.

ಒಗ್ಗರಣೆಯಲ್ಲಿ ಎಣ್ಣೆ ಹೆಚ್ಚಾಗುವುದು ಆಸೆಯಿಂದಲ್ಲ, ಪಾತ್ರೆಯಿಂದ. ಸಾಸಿವೆ ಸಿಡಿಯಬೇಕಾದರೆ ಎಣ್ಣೆಯಲ್ಲಿ ಮುಳುಗಿರಬೇಕು. ಅಗಲವಾದ ಬಾಣಲೆಯ ತಳದಲ್ಲಿ ಒಂದು ಚಮಚ ಎಣ್ಣೆ ಹರಡಿ ತೆಳ್ಳಗಾಗುತ್ತದೆ, ಸಾಸಿವೆ ಸಿಡಿಯುವ ಬದಲು ಸೀಯುತ್ತದೆ. ಅದನ್ನು ತಪ್ಪಿಸಲು ಕೈ ತಾನಾಗಿ ಇನ್ನೆರಡು ಚಮಚ ಸುರಿಯುತ್ತದೆ. ಚಿಕ್ಕ ಕಬ್ಬಿಣದ ಒಗ್ಗರಣೆ ಸೌಟಿನಲ್ಲಿ ಅದೇ ಒಂದು ಚಮಚ ಗುಳಿಯಲ್ಲಿ ನಿಲ್ಲುತ್ತದೆ, ಸಾಸಿವೆ, ಇಂಗು, ಕರಿಬೇವು ಎಲ್ಲ ಸರಿಯಾಗಿ ಆಗುತ್ತವೆ. ನಾಲ್ಕು ಜನರ ಸಾರಿಗೆ ಒಂದು, ಹುಳಿಗೆ ಒಂದೂವರೆ ಚಮಚ ಸಾಕು. ಪಲ್ಯದ ತರಕಾರಿಯನ್ನು ಮೊದಲು ಆವಿಯಲ್ಲಿ ಬೇಯಿಸಿ ಆಮೇಲೆ ಒಗ್ಗರಣೆಗೆ ಹಾಕಿ. ಬದನೆಕಾಯಿಯನ್ನು ಹಸಿಯಾಗಿ ಹಾಕಿದರೆ ಸುರಿದ ಎಣ್ಣೆಯನ್ನೆಲ್ಲ ಹೀರಿ ಇನ್ನೂ ಕೇಳುತ್ತದೆ. ಐದು ನಿಮಿಷ ಆವಿಯಲ್ಲಿಟ್ಟರೆ ಒಳಗಿನ ಗಾಳಿಯ ಜಾಗ ಕುಸಿದು ಹೀರುವುದು ಕಡಿಮೆಯಾಗುತ್ತದೆ. ದೋಸೆ ಹೆಂಚಿಗೆ ಅಂಟಿದರೆ ಎಣ್ಣೆ ಕಡಿಮೆಯಾಯಿತೆಂದು ಸುರಿಯಬೇಡಿ, ಹೆಂಚು ಪಳಗಿಲ್ಲ ಅಥವಾ ಕಾವು ಸರಿಯಿಲ್ಲ. ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒರೆಸಿ ಹುಯ್ದರೆ ದೋಸೆಗೆ ಅರ್ಧ ಚಮಚದಲ್ಲಿ ಮುಗಿಯುತ್ತದೆ.

ಕರಿದದ್ದರಲ್ಲಿ ಎಷ್ಟು ಎಣ್ಣೆ ಹೊಟ್ಟೆಗೆ ಹೋಯಿತೆಂದು ತಿಳಿಯಲು ಅಂದಾಜು ಬೇಡ. ಅಡುಗೆಮನೆಯ ತಕ್ಕಡಿಯ ಮೇಲೆ ಎಣ್ಣೆ ಸಮೇತ ಬಾಣಲೆಯನ್ನು ಕರಿಯುವ ಮೊದಲು ಒಮ್ಮೆ, ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ತೂಗಿ. ವ್ಯತ್ಯಾಸವನ್ನು ಪೂರಿಯ ಸಂಖ್ಯೆಯಿಂದ ಭಾಗಿಸಿ. ನಿಮ್ಮ ಕೈಯ ಪೂರಿಯ ಲೆಕ್ಕ ಯಾವ ಪಟ್ಟಿಗಿಂತ ನಿಖರವಾಗಿ ಸಿಗುತ್ತದೆ. ಹೋಟೆಲಿನಲ್ಲಿ ಇದು ಸಾಧ್ಯವಿಲ್ಲ. ಆದರೆ ದರ್ಶಿನಿಯಲ್ಲಿ ಕಾವಲಿ ಕಣ್ಣೆದುರೇ ಇರುತ್ತದೆ: ಪುಡಿ ದೋಸೆಯ ಮೇಲೆ ಬೀಳುವ ತುಪ್ಪದ ಸೌಟು 15–20 ಮಿ.ಲೀ. ಹಿಡಿದರೆ ಅಲ್ಲಿಗೇ ನಿಮ್ಮ ದಿನದ ಪಾಲು ಹತ್ತಿರ ಹತ್ತಿರ ಮುಗಿಯಿತು. ಅಂಥ ದಿನ ಮನೆಯಲ್ಲಿ ಮೊಸರನ್ನವೋ ಮುದ್ದೆ-ಬಸ್ಸಾರೋ ಇರಲಿ, ಮೇಲೆ ತುಪ್ಪ ಬೇಡ.

ತಿಂಗಳ ಸಾಮಾನು ಪಟ್ಟಿ ಹೀಗಿರಲಿ. ನಿಮಗೂ ಅತ್ತೆಗೂ ದಿನಕ್ಕೆ 20 ಗ್ರಾಂ, ಉಳಿದಿಬ್ಬರಿಗೆ 27–30 ಗ್ರಾಂ ಇಟ್ಟರೆ ಮನೆಗೆ ತಿಂಗಳಿಗೆ 2.9 ಕೆ.ಜಿ. ಆಗುತ್ತದೆ. ಕಡಲೆಕಾಯಿ ಎಣ್ಣೆ ಒಂದೂವರೆ ಲೀಟರ್, ಸೂರ್ಯಕಾಂತಿ ಒಂದು ಲೀಟರ್, ಕೊಬ್ಬರಿ ಎಣ್ಣೆ ಕಾಲು ಲೀಟರ್, ತುಪ್ಪ 400 ಗ್ರಾಂ. ಕಾಲು ಲೀಟರ್ ಕೊಬ್ಬರಿ ಎಣ್ಣೆ ಅತ್ತೆಯ ಗಸಿಗೆ, ಸುಕ್ಕಕ್ಕೆ, ಮೀನು ಮಾಡುವವರಾದರೆ ಅದಕ್ಕೆ. ಘಮಕ್ಕೆ ಕೊನೆಯಲ್ಲಿ ಹಸಿಯಾಗಿ ಒಂದು ಚಮಚ ಹಾಕುವುದು ಅವರಿಗೇ ಗೊತ್ತಿರುತ್ತದೆ. ಪ್ಯಾಕೆಟ್ ಕೊಳ್ಳುವಾಗ ಮಿ.ಲೀ. ಜೊತೆ ಗ್ರಾಂ ಕೂಡ ಓದಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ ಇರಬೇಕು, ಅದೇ ಗಾತ್ರ ಕಾಣುವ ಕಡಿಮೆ ತೂಕದ ಪ್ಯಾಕೆಟ್‌ಗಳೂ ಮಾರಾಟಕ್ಕಿವೆ. 25ನೇ ತಾರೀಖಿಗೇ ಡಬ್ಬಿ ಖಾಲಿಯಾದರೆ ಎಲ್ಲಿ ಸೋರಿತೆಂದು ಹುಡುಕಿ. ಸಾಮಾನ್ಯವಾಗಿ ಅದು ಹಬ್ಬ ಅಥವಾ ವಾರಾಂತ್ಯದ ಕರಿದ ತಿಂಡಿಯಾಗಿರುತ್ತದೆ.

ಹೀಗೆ ಮಾಡಿದರೆ ನಿಮ್ಮ ಪಾಲು 56 ಗ್ರಾಂನಿಂದ 20ಕ್ಕೆ ಇಳಿಯುತ್ತದೆ, ದಿನಕ್ಕೆ 320 ಕ್ಯಾಲೊರಿ ಉಳಿತಾಯ. ಕಾಗದದ ಮೇಲೆ ಅದು ತಿಂಗಳಿಗೆ ಒಂದು ಕೆ.ಜಿ.ಗೂ ಹೆಚ್ಚು ಕೊಬ್ಬು. ವಾಸ್ತವದಲ್ಲಿ ಅಷ್ಟು ಇಳಿಯುವುದಿಲ್ಲ. ಬೆಳಗಿನ ತುಪ್ಪ ಬಿಟ್ಟಾಗ ತಿಂಡಿಗೆ ಹಸಿವು ಹೆಚ್ಚುತ್ತದೆ. ಆ ಹಸಿವಿಗೆ ಇನ್ನೆರಡು ಇಡ್ಲಿಯ ಬದಲು ಒಂದು ಬಟ್ಟಲು ಹೆಸರುಕಾಳು ಉಸಲಿಯೋ ಮೊಟ್ಟೆಯೋ ಇರಲಿ. ಅರ್ಧದಿಂದ ಮುಕ್ಕಾಲು ಕೆ.ಜಿ. ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ.

ಇದನ್ನು ಓದಿ ಎಣ್ಣೆಯನ್ನು ಪೂರ್ತಿ ಬಿಡಲು ಹೋಗಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿಲ್ಲದೆ ಮೈಗೆ ಹತ್ತುವುದಿಲ್ಲ. ಬೇಗ ತೂಕ ಇಳಿಸುವವರು ಕೊಬ್ಬನ್ನೂ ತೀರಾ ಕಡಿಮೆ ಮಾಡಿದರೆ ಪಿತ್ತಕೋಶ ಸರಿಯಾಗಿ ಬರಿದಾಗದೆ ಕಲ್ಲು ಕಟ್ಟುವ ಸಂಭವ ಹೆಚ್ಚು, ಅದರಲ್ಲೂ ನಿಮ್ಮ ವಯಸ್ಸಿನ ಹೆಂಗಸರಲ್ಲಿ. ಈ ನಾಲ್ಕು ಎಣ್ಣೆಗಳಲ್ಲೂ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಎರಡು ಚಮಚ ಅಗಸೆ ಚಟ್ನಿಪುಡಿ ಊಟದಲ್ಲಿರಲಿ.

ಎರಡರಿಂದ ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಲಿಪಿಡ್ ಪ್ರೊಫೈಲ್ ಮತ್ತೆ ಮಾಡಿಸಿ, ಜೊತೆಗೆ ಟಿಎಸ್‌ಎಚ್ ಕೂಡ. ಥೈರಾಯ್ಡ್ ಕೆಲಸ ನಿಧಾನವಾದರೆ ತೂಕ ಮತ್ತು ಎಲ್‌ಡಿಎಲ್ ಎರಡೂ ಏರುತ್ತವೆ. ಎಣ್ಣೆ ಬದಲಿಸಿದ ಮೇಲೂ ಎಲ್‌ಡಿಎಲ್ 118ರ ಹತ್ತಿರಕ್ಕೆ ಮರಳದಿದ್ದರೆ ಎರಡೂ ವರದಿ ಹಿಡಿದು ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ, ಅಥವಾ ಎಲ್‌ಡಿಎಲ್ ಯಾವಾಗಲಾದರೂ 190 ದಾಟಿದರೆ, ಮೂರು ತಿಂಗಳು ಕಾಯದೆ ಈಗಲೇ ಹೋಗಿ.